ಆಯುಧಪೂಜೆಗೆ ಉಜ್ಜಿದ ಬೇಕರಿ ಟ್ರೇಗಳು

ನಾನು ಜೀವನದಲ್ಲಿ ಮೊದಲ ಸಲ ಕೇಕು ಸುಟ್ಟಿದ್ದೂ ಒಂಬತ್ತನೇ ತರಗತಿಯ ಮಕ್ಕಳಿಗೆ ಶಾಖದ ಪಾಠ ಮಾಡಿದ್ದೂ ಒಂದೇ ವಾರದಲ್ಲಿ. ಆಗ ನನಗೆ ಮದುವೆಯಾಗಿ ಎರಡು ವರ್ಷ. ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದ ಹೈಸ್ಕೂಲಿನಲ್ಲಿ. ವಿಜ್ಞಾನದ ಟೀಚರು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸು ಹಿಡಿದು ಬರುವುದು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು.

ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋದಾಗ ನನ್ನ ಗಂಡ ಒಂದು ಕರೆಂಟಿನ ಓವನ್ ಕೊಂಡು ತಂದರು. ಟಿ.ವಿ.ಯಷ್ಟೇ ದೊಡ್ಡದು, ಮುಂದೆ ಗಾಜಿನ ಬಾಗಿಲು, ಒಳಗೆ ಮೇಲೊಂದು ಕೆಳಗೊಂದು ಕೆಂಪಗೆ ಕಾಯುವ ಸರಳು. ಅದರ ಜೊತೆಗೆ ಕಪ್ಪು ಬಣ್ಣದ ಒಂದು ಚೌಕ ಟ್ರೇ ಬಂದಿತ್ತು. ನಮ್ಮದು ದೇವಸ್ಥಾನದ ಕಡೆಯ ಮನೆತನ. ಮಾವ ಮಠದ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮೊಟ್ಟೆ ಇರುತ್ತದೆಂದು ಅತ್ತೆ ಬೇಕರಿಯ ಮುಂದೆ ನಡೆಯುವಾಗಲೂ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಹಾಗಾಗಿ ಓವನ್ ನೋಡಿ ಗಲಾಟೆಯಾಗುತ್ತದೆ ಅಂದುಕೊಂಡಿದ್ದೆ. ಅತ್ತೆ ಅದರ ಸುತ್ತ ಒಂದು ಸಲ ಬಂದರು, ಬಾಗಿಲು ತೆಗೆದು ಬಗ್ಗಿ ನೋಡಿದರು.

"ಮೊಟ್ಟೆ ಇಲ್ಲದೆ ಕೇಕು ಆಗಲ್ವೇನೇ?"

"ಆಗತ್ತೆ ಅತ್ತೆ. ಮೊಸರು, ಸೋಡಾ ಹಾಕಿ ಮಾಡ್ತಾರಂತೆ."

"ಹಾಗಾದ್ರೆ ಮಾಡು. ಐವತ್ತೆಂಟು ವರ್ಷ ಆಯ್ತು ನಂಗೆ. ಕೇಕು ಹೇಗಿರತ್ತೆ ಅಂತ ಗೊತ್ತಿಲ್ಲದೆ ಹೋಗ್ಬೇಕಾ?"

ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರು ಅಳತೆ ಬರೆದುಕೊಟ್ಟಿದ್ದರು. ಮೈದಾ, ಸಕ್ಕರೆ, ಬೆಣ್ಣೆ, ಮೊಸರು, ಸೋಡಾ. ನೂರ ಎಂಬತ್ತು ಡಿಗ್ರಿಯಲ್ಲಿ ನಲವತ್ತು ನಿಮಿಷ ಅಂತ ಕೆಳಗೆ ಗೆರೆ ಹಾಕಿ ಬರೆದಿದ್ದರು. ನಾನು ಭಾನುವಾರ ಬೆಳಿಗ್ಗೆ ಹಿಟ್ಟು ಕಲೆಸಿ, ಆ ಕಪ್ಪು ಟ್ರೇಗೆ ಸುರಿದು, ಒಳಗಿಟ್ಟು, ಗಡಿಯಾರ ನೋಡಿಕೊಂಡು ಕೂತೆ. ಅರ್ಧ ಗಂಟೆಗೆ ಮನೆಯೆಲ್ಲ ಘಮಘಮ. ಮಾವ ಪೇಪರು ಮಡಿಸಿಟ್ಟು ಅಡಿಗೆಮನೆಯ ಬಾಗಿಲಿಗೆ ಬಂದರು. ಮೂವತ್ತೈದು ನಿಮಿಷಕ್ಕೆ ಘಮ ಸ್ವಲ್ಪ ಬೇರೆ ಆಯಿತು. ಅತ್ತೆ ಮೂಗು ಎತ್ತಿದರು.

"ಸೀದ ವಾಸನೆ ಬರ್ತಿದೆ."

"ಇನ್ನೂ ಐದು ನಿಮಿಷ ಇದೆ ಅತ್ತೆ. ನಲವತ್ತು ಅಂತ ಬರ್ದಿದಾರೆ."

"ಮೂಗಿಗಿಂತ ಚೀಟಿ ದೊಡ್ಡದಾ?"

ಚೀಟಿಯೇ ದೊಡ್ಡದು ಅಂತ ನಾನು ಗಡಿಯಾರ ನೋಡುತ್ತಲೇ ಕೂತೆ. ತೆಗೆದಾಗ ಕೇಕು ನಡುವೆ ಗುಡ್ಡದ ಹಾಗೆ ಉಬ್ಬಿ ಬಿರಿದಿತ್ತು. ಮಗುಚಿ ನೋಡಿದರೆ ತಳವೂ ನಾಲ್ಕು ಬದಿಯೂ ಕರಿ. ಮಾವ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಪ್ರಯತ್ನ ಚೆನ್ನಾಗಿದೆ" ಅಂದರು. ಅತ್ತೆ ಚಾಕುವಿನಿಂದ ಸುಟ್ಟಿದ್ದನ್ನೆಲ್ಲ ಹೆರೆದು, ನಡುವಿನ ತಿರುಳನ್ನು ತಿಂದು, ಕಣ್ಣು ಮುಚ್ಚಿದರು. "ಇಷ್ಟು ಚೆನ್ನಾಗಿರತ್ತೇನೇ ಇದು!" ಅಂದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಮುಂದಿನ ಭಾನುವಾರ ಅತ್ತೆಯೇ ಹೇಳಿದರು, ಪಾತ್ರೆ ಬದಲಿಸು ಅಂತ. ಪಾತ್ರೆ ಅಂಗಡಿಯಿಂದ ಹೊಳೆಯುವ ಅಲ್ಯೂಮಿನಿಯಂ ಡಬ್ಬಿ ತಂದೆವು. ಅದೇ ಹಿಟ್ಟು, ಅದೇ ನೂರ ಎಂಬತ್ತು, ಅದೇ ನಲವತ್ತು ನಿಮಿಷ. ಈ ಸಲ ಕೇಕು ಮೇಲೆ ಸಮತಟ್ಟಾಗಿ, ಬದಿಗಳು ತೆಳು ಗೋಧಿ ಬಣ್ಣದಲ್ಲಿ, ತಳ ಮೆತ್ತಗೆ ಬಂತು. ಚೀಟಿ ಬರೆದುಕೊಟ್ಟ ಟೀಚರ ಮನೆಯಲ್ಲೂ ಇಂಥದೇ ಡಬ್ಬಿ ಇತ್ತೆಂದು ಆಮೇಲೆ ಗೊತ್ತಾಯಿತು. ಅವರ ಚೀಟಿ ಅವರ ಡಬ್ಬಿಗೆ ಸರಿ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅತ್ತೆಗೆ ಕುತೂಹಲ ಹತ್ತಿಬಿಟ್ಟಿತ್ತು. ಶೋಕೇಸಿನಲ್ಲಿ ನನ್ನ ಮದುವೆಗೆ ಯಾರೋ ಕೊಟ್ಟ, ಓವನಿಗೆ ಇಡಬಹುದು ಅಂತ ಬರೆದಿದ್ದ ಒಂದು ಗಾಜಿನ ಬಟ್ಟಲಿತ್ತು. ಮೂರನೇ ಭಾನುವಾರ ಅದನ್ನೇ ಇಳಿಸಿದರು. "ಗಾಜಾದ್ರೆ ತಳ ಕಾಣತ್ತೆ. ಕದ್ದುಮುಚ್ಚಿ ಸುಡಕ್ಕಾಗಲ್ಲ" ಅಂದರು.

ಗಾಜು ನಮಗೆ ಬೇರೆ ಆಟ ಆಡಿಸಿತು. ನಲವತ್ತು ನಿಮಿಷಕ್ಕೆ ಕಡ್ಡಿ ಚುಚ್ಚಿದರೆ ನಡುವೆ ಹಸಿ ಹಿಟ್ಟು ಅಂಟಿತು. ಮತ್ತೆ ಒಳಗಿಟ್ಟೆವು. ಇನ್ನೂ ಹನ್ನೆರಡು ನಿಮಿಷಕ್ಕೆ ನಡುವೆ ಬೆಂದಿತು, ಅಷ್ಟರಲ್ಲಿ ಅಂಚು ಗಾಜಿನ ಹೊರಗಿನಿಂದಲೇ ಕಾಣುವಷ್ಟು ಕಂದಾಗಿತ್ತು. ನಾನು ತೆಗೆದು ಒದ್ದೆಯಾಗಿದ್ದ ಕಡಪ ಕಲ್ಲಿನ ಮೇಲೆ ಇಡಲು ಹೋದಾಗ ಅತ್ತೆ "ಅಯ್ಯೋ, ಒಡೆಯತ್ತೆ!" ಅಂತ ಕೂಗಿ, ಮಡಿಸಿದ ಒಣಬಟ್ಟೆ ಹಾಸಿದರು. ಆ ಬಟ್ಟೆಯ ಮೇಲೆ ಹತ್ತು ನಿಮಿಷ ಇದ್ದ ಮೇಲೂ ಬಟ್ಟಲು ಕೆಂಡದ ಹಾಗೆ ಸುಡುತ್ತಿತ್ತು, ಅಂಚು ಇನ್ನಷ್ಟು ಗಟ್ಟಿಯಾಗುತ್ತಲೇ ಹೋಯಿತು.

ಅತ್ತೆ ಆ ಬಟ್ಟಲನ್ನು ನೋಡುತ್ತಾ, "ನಮ್ಮ ಕಲ್ಚಟ್ಟಿ ಥರಾನೇ ಕಣೇ ಇದು" ಅಂದರು. "ಕಾಯೋಕೆ ತಡ. ಕಾದ ಮೇಲೆ ಬಿಡಲ್ಲ. ಒಲೆಯಿಂದ ಇಳಿಸಿದ ಮೇಲೂ ಹುಳಿ ಕುದೀತಾನೇ ಇರತ್ತಲ್ಲ, ಹಾಗೆ."

"ಸರಿ, ಆ ಕಪ್ಪು ಟ್ರೇ ಯಾಕೆ ಸುಟ್ಟಿತು?" ನಾನು ಕೇಳಿದೆ. ಟೀಚರು ಕೇಳಿದ ಪ್ರಶ್ನೆ ಅದು, ವಿದ್ಯಾರ್ಥಿ ಕೊಟ್ಟ ಉತ್ತರವನ್ನು ನಾನು ಇವತ್ತಿಗೂ ಮರೆತಿಲ್ಲ.

"ಮಹಡಿ ಮೇಲೆ ಒಣಗಿ ಹಾಕಿದ ಬಟ್ಟೆ ಮುಟ್ಟಿ ನೋಡಿಲ್ವಾ? ಕಪ್ಪು ಲಂಗ ಸುಡ್ತಿರತ್ತೆ, ನಿಮ್ಮ ಮಾವನ ಬಿಳಿ ಪಂಚೆ ತಣ್ಣಗಿರತ್ತೆ. ನೀನು ಸ್ಕೂಲಲ್ಲಿ ಪಾಠ ಮಾಡೋದು ಇದನ್ನೇ ಅಲ್ವೇನೇ?"

ಹೌದು, ಅದನ್ನೇ. ಕೇಕು ಸುಟ್ಟ ವಾರದ ಮಂಗಳವಾರ ತಾನೇ ಕಪ್ಪು ಮೇಲ್ಮೈ ಶಾಖವನ್ನು ಹೀರುತ್ತದೆ, ಹೊಳೆಯುವ ಮೇಲ್ಮೈ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ ಅಂತ ಬೋರ್ಡಿನ ಮೇಲೆ ಬರೆದು, ಎರಡು ಸಲ ಹೇಳಿಸಿ, ಮನೆಗೆ ಬಂದು ಕರಿಕೇಕು ಮಾಡಿದ್ದೆ. ಆ ಮಧ್ಯಾಹ್ನ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕಪ್ಪು ಟ್ರೇಗೆ ಶಾಖ ಹದಿನೈದು ಡಿಗ್ರಿ ಕಡಿಮೆ, ಮತ್ತು ಅರ್ಧ ಗಂಟೆ ಕಳೆದ ಮೇಲೆ ಕಡ್ಡಿ ಹಿಡಿದು ಕಾವಲು. ಗಾಜಿನ ಬಟ್ಟಲಿಗೂ ಶಾಖ ಕಡಿಮೆ, ಹೊತ್ತು ಮಾತ್ರ ಜಾಸ್ತಿ, ಮತ್ತು ಪೂರ್ತಿ ಆಗುವುದಕ್ಕೆ ಸ್ವಲ್ಪ ಮುಂಚೆಯೇ ಹೊರಗೆ. ಅಲ್ಯೂಮಿನಿಯಂ ಡಬ್ಬಿಗೆ ಮಾತ್ರ ಚೀಟಿಯಲ್ಲಿ ಬರೆದ ಹಾಗೆ. ನಡುವೆ ಕರೆಂಟು ಹೋದರೆ ಎಲ್ಲಾ ಲೆಕ್ಕವೂ ತಪ್ಪುತ್ತಿತ್ತು, ಅದು ಬೇರೆ ಮಾತು.

ನರಸೀಪುರದಲ್ಲಿ ನಾನು ಸಂಜೆ ಬಸ್ಸಿಗೆ ಕಾಯುವ ಜಾಗದ ಎದುರಿಗೇ ಒಂದು ಸಣ್ಣ ಬೇಕರಿ ಇತ್ತು. ಸೌದೆ ಹಾಕಿ ಕಾಯಿಸುವ ಇಟ್ಟಿಗೆ ಭಟ್ಟಿ. ನಡೆಸುತ್ತಿದ್ದವರು ಅರವತ್ತರ ಹತ್ತಿರದ ಮನುಷ್ಯ, ಅಪ್ಪನಿಂದ ಬಂದ ಕಸುಬು. ಅವರು ಮಾಡುತ್ತಿದ್ದ ಬನ್ನಿಗೆ ಮೊಟ್ಟೆ ಇಲ್ಲ ಅಂತ ವಿಚಾರಿಸಿ ತಿಳಿದುಕೊಂಡ ಮೇಲೆ ದಿನವೂ ಒಂದು ಕೊಂಡು ತಿನ್ನುತ್ತಿದ್ದೆ. ಮೇಲೆ ಹೊಳೆಯುವ ಕೆಂಪು, ಕೆಳಗೆ ಸಮವಾದ ಕಂದು. ಕೇಕಿನ ಹುಚ್ಚು ಹಿಡಿದ ಮೇಲೆ ನಾನು ಕೌಂಟರಿನ ಹಿಂದೆ ಇಣುಕಲು ಶುರು ಮಾಡಿದೆ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಟ್ರೇಗಳೆಲ್ಲ ಇದ್ದಿಲಿನ ಹಾಗೆ ಕಪ್ಪಗಿದ್ದವು.

"ಇವನ್ನ ತೊಳೆಯಲ್ವಾ?" ಅಂತ ಒಂದು ದಿನ ಕೇಳಿಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಒರಸ್ತೀವಿ ಟೀಚರಮ್ಮ, ಉಜ್ಜಕಿಲ್ಲ. ಈ ಕಪ್ಪು ಕೊಳೆ ಅಲ್ಲ. ಎಣ್ಣೆ ಕುಡ್ದು ಕುಡ್ದು, ಬೆಂಕಿ ತಿಂದು ತಿಂದು ಬಂದಿರೋದು. ನಮ್ಮಪ್ಪನ ಕಾಲದ್ದೂ ಅವೆ ಇದ್ರಾಗೆ. ಒಸಾ ಟ್ರೇ ತಂದ್ರೆ ಆರು ತಿಂಗ್ಳು ಬನ್ನಿನ ತಳ ಬೆಳ್ಳಗೇ ಇರ್ತದೆ, ಅಂಟ್ಕೋತದೆ. ಇವು ಬಿಸಿನ ಎಳ್ಕೊಂಡು ಬನ್ನಿಗೆ ಕೊಡ್ತವೆ."

ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಸೆರಗು ಮೂಗಿಗೆ ಹಿಡಿಯುವ ನಮ್ಮ ಅತ್ತೆ, "ಆ ಭಟ್ಟಿ ಒಂದ್ಸಲ ನೋಡ್ಬೇಕಲ್ಲ ಕಣೇ" ಅಂದರು.

ಮರುವರ್ಷ ವಿಜಯದಶಮಿಯ ದಿನ ಸಂಗಮದಲ್ಲಿ ಸ್ನಾನ ಮಾಡಬೇಕು ಅಂತ ಅತ್ತೆ ಹೊರಟರು. ನಾನೂ ಜೊತೆಗೆ ಹೋದೆ. ಕಾವೇರಿ ಕಬಿನಿ ಸೇರುವಲ್ಲಿ ಮುಳುಗಿ, ದೇವರ ದರ್ಶನ ಮಾಡಿ, ಒದ್ದೆ ಸೀರೆ ಚೀಲಕ್ಕೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಾಗ ಹತ್ತು ಗಂಟೆ ಇರಬಹುದು. ಬೇಕರಿಯ ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು, ಹೊಸ್ತಿಲಲ್ಲಿ ಒಡೆದ ಬೂದುಗುಂಬಳ. ಹಿಂದಿನ ದಿನದ ಆಯುಧಪೂಜೆಯ ಅಲಂಕಾರ ಹಾಗೇ ಇತ್ತು. ಒಳಗಿನಿಂದ ಮಾತ್ರ ಜೋರು ದನಿ.

"ಇದೇನವ್ವಾ ಮಾಡ್ದೆ ನೀನು! ನಲವತ್ತು ವರ್ಸದ ಕಪ್ಪು ಕಣವ್ವಾ ಅದು!"

ಕೌಂಟರಿನ ಹಿಂದೆ ಬೇಕರಿಯವರು ತಲೆ ಮೇಲೆ ಕೈಹೊತ್ತು ನಿಂತಿದ್ದರು. ಒಳಬಾಗಿಲಿನ ಹತ್ತಿರ ಅವರ ಸೊಸೆ. ಬಿಳಿಗೆರೆ ಕಡೆಯ ಹುಡುಗಿ, ಆ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು. ಸಂಜೆ ಹೊತ್ತು ಕೌಂಟರಿನಲ್ಲಿ ಕೂತಿರುತ್ತಿದ್ದ ಅವಳ ಪರಿಚಯ ನನಗಿತ್ತು. ಅಳುತ್ತಾ ನಿಂತಿದ್ದಳು. ಅವಳ ಹತ್ತು ಬೆರಳಿನ ತುದಿಗಳೂ ಸುಲಿದು ಕೆಂಪಾಗಿದ್ದವು.

ನಡೆದದ್ದು ಇಷ್ಟು. ಅವಳ ಮಾವ ಎರಡು ದಿನ ಮೈಸೂರಿಗೆ ಹೋಗಿದ್ದರು, ಸಾಮಾನು ತರಲು. ಗಂಡನೂ ಅವರ ಜೊತೆಗೆ. ಪೂಜೆಗೆ ಮುಂಚೆ ಕಸುಬಿನ ಸಾಮಾನೆಲ್ಲ ತೊಳೆಯಬೇಕಲ್ಲ? ತವರಿನಲ್ಲಿ ನೇಗಿಲು, ಕುಡುಗೋಲು, ಗುದ್ದಲಿ ಎಲ್ಲ ತೊಳೆದು ಕುಂಕುಮ ಇಡುವುದನ್ನು ನೋಡಿ ಬೆಳೆದವಳು. ಇಲ್ಲಿ ಟ್ರೇಗಳು ಕಪ್ಪಗೆ ಕೂತಿದ್ದನ್ನು ನೋಡಿ ಅವಳಿಗೆ ನಾಚಿಕೆಯಾಗಿದೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ತೆಗೆದುಕೊಂಡು ಎರಡು ದಿನ ಕೂತು ಒಂದೊಂದನ್ನೂ ಬೆಳ್ಳಿಯ ಹಾಗೆ ಮಾಡಿಟ್ಟಿದ್ದಾಳೆ. ಪೂಜೆಯ ಹೊತ್ತಿಗೆ ಮಾವ ಬಂದಾಗ ಟ್ರೇಗಳ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಹೂವು. ಅವರು ಕೈಮುಗಿದು ಮಲಗಿದ್ದಾರೆ. ಬೆಳಿಗ್ಗೆ ಭಟ್ಟಿ ಕಾಯಿಸಿ, ಹಿಟ್ಟು ಉಬ್ಬಿ ತಯಾರಾದ ಮೇಲೆ ಬಟ್ಟೆ ತೆಗೆದಿದ್ದಾರೆ. ಉಬ್ಬಿದ ಹಿಟ್ಟು ಕಾಯುವುದಿಲ್ಲ. ಬೇರೆ ದಾರಿಯಿಲ್ಲದೆ ಅವುಗಳಲ್ಲೇ ಇಟ್ಟು ಬೇಯಿಸಿದ್ದಾರೆ.

ಅವತ್ತೇ ಆಸ್ಪತ್ರೆಯ ರೋಗಿಗಳಿಗೆ ಹಂಚಲೆಂದು ಊರಿನವರೊಬ್ಬರು ನೂರೈವತ್ತು ಬನ್ನು ಹೇಳಿದ್ದರು. ಸಂಜೆ ಐದಕ್ಕೆ ಕೊಡಬೇಕು.

ಬೇಕರಿಯವರು ನನಗೆ ಒಂದು ಬನ್ನು ಮಗುಚಿ ತೋರಿಸಿದರು. ಮೇಲೆ ಎಂದಿನ ಕೆಂಪು. ತಳ ಮಾತ್ರ ಇಡ್ಲಿಯ ಹಾಗೆ ಬೆಳ್ಳಗೆ, ಒತ್ತಿದರೆ ಹಿಸುಕಿಕೊಳ್ಳುವಷ್ಟು ಮೆತ್ತಗೆ. ಕೆಲವು ಟ್ರೇಗೇ ಅಂಟಿ ಕಿತ್ತು ಬಂದಿದ್ದವು. "ಇನ್ನೊಂದ್ ಗಳಿಗೆ ಬಿಡಾನ ಅಂದ್ರೆ ಮೇಲ್ಗಡೆ ಸೀದೋಯ್ತದೆ ಟೀಚರಮ್ಮ. ಮೇಲಿಂದ ಬಿಸಿ ನೆಟ್ಟಗೆ ಬೀಳ್ತದೆ. ಕೆಳಗಿಂದ ಬರೋದ್ನ ಈ ಬಿಳೀ ಟ್ರೇ ತಡ್ಕೊಂಡ್ ಕುಂತದೆ."

ಹುಡುಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಮೇಡಂ, ಕೊಳೆ ತೆಗೆದ್ರೆ ಕೆಟ್ಟೋಯ್ತದೆ ಅಂತ ಯಾರಿಗ್ ಗೊತ್ತಿತ್ತು? ಯಾರಾರಾ ಯೋಳ್ಬೇಕಲ್ವಾ?"

ನ್ಯಾಯವಾದ ಪ್ರಶ್ನೆ. ಅಷ್ಟರಲ್ಲಿ ನಮ್ಮ ಅತ್ತೆ ಹೊಸ್ತಿಲು ದಾಟಿ ಒಳಗೇ ಹೋಗಿಬಿಟ್ಟಿದ್ದರು. ಬೇಕರಿಯ ಒಳಗೆ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಟ್ರೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಏನ್ ಉಜ್ಜಿದೀಯೇ ಮಗಳೇ! ಮುಖ ಕಾಣತ್ತಲ್ಲೇ ಇದ್ರಲ್ಲಿ" ಅಂದರು. ಅಳುತ್ತಿದ್ದವಳು ಅಳುವುದನ್ನು ಮರೆತು ನೋಡಿದಳು. ಅತ್ತೆ ಬೇಕರಿಯವರ ಕಡೆ ತಿರುಗಿದರು. "ನೋಡಪ್ಪಾ, ನಮ್ಮ ಸೊಸೆ ವಿಜ್ಞಾನ ಪಾಠ ಮಾಡೋಳು. ಅವಳೂ ಕಪ್ಪು ಟ್ರೇಲಿ ಕೇಕು ಇಟ್ಟು ಇದ್ದಿಲು ಮಾಡಿದಳು. ನಾವು ಹೆರೆದು ತಿಂದ್ವಿ. ಇದು ದೋಸೆ ಕಾವಲಿ ಥರ ತಾನೇ? ಹೊಸ ಕಾವಲಿ ಪಳಗಿಸಲ್ವಾ ನಾವು? ಈರುಳ್ಳಿ ಅರ್ಧ ಹೆಚ್ಚಿ ಎಣ್ಣೆ ಸವರಿ ಕಾಯಿಸ್ತಾ ಹೋದ್ರೆ ಕಪ್ಪು ಮತ್ತೆ ಹತ್ತತ್ತೆ."

"ಅತ್ತದೆ ಅಮ್ಮೋರೆ, ಅತ್ತದೆ. ನಂಗೂ ಗೊತ್ತು. ಆದ್ರೆ ಇವತ್ತಿನ್ ಬನ್ನು?"

ನಾನು ಒಂದು ಬನ್ನು ಮುರಿದು ತಿಂದೆ. ಒಳಗೆ ಚೆನ್ನಾಗಿ ಬೆಂದಿತ್ತು. ರುಚಿಗೆ ಏನೂ ಕೊರತೆಯಿಲ್ಲ, ತಳಕ್ಕೆ ಬಣ್ಣ ಬಂದಿಲ್ಲ ಅಷ್ಟೇ. ಕಪಾಟಿನಲ್ಲಿ ಗಾಜಿನ ಭರಣಿಯ ತುಂಬ ರಸ್ಕುಗಳಿದ್ದವು. ಅವುಗಳ ಒಂದು ಮೈ ಹೊಂಬಣ್ಣ, ಇನ್ನೊಂದು ಮೈ ಅಲ್ಲಲ್ಲಿ ಕರಿ.

"ರಸ್ಕು ಮಾಡೋದು ಹೇಗೆ?" ಅಂತ ಕೇಳಿದೆ.

"ಬೆಂದಿರೋ ಬ್ರೆಡ್ಡೋ ಬನ್ನೋ ತೆಳ್ಳಗೆ ಕುಯ್ದು, ಟ್ರೇಲಿ ಆಸಿ, ಭಟ್ಟಿ ಒಸಿ ತಣ್ಗಾದ್ ಮ್ಯಾಲೆ ಮತ್ತೆ ಇಡದು. ಒಣಗ್ಬೇಕು. ಆದ್ರೆ ತಳ ಬೇಗ ಸೀಯ್ತದೆ, ಅದಕ್ಕೇ ನಡುವೆ ತಿರುವಿ ಹಾಕ್ಬೇಕು."

ನನ್ನ ಕಣ್ಣ ಮುಂದೆ ನಮ್ಮ ಮನೆಯ ಎರಡನೇ ಭಾನುವಾರದ ಕೇಕು ಬಂತು. ಸಮತಟ್ಟಾಗಿ, ಗೋಧಿ ಬಣ್ಣದಲ್ಲಿ, ಎಲ್ಲೂ ಸೀಯದೆ.

"ಆ ತಳ ಸೀಯೋದು ಟ್ರೇ ಕಪ್ಪಗಿರೋದಕ್ಕೇ ಅಲ್ವಾ? ಬನ್ನು ದಪ್ಪ, ಅದಕ್ಕೆ ಜೋರು ಬಿಸಿ ಬೇಕು. ತೆಳ್ಳನೆ ಚೂರಿಗೆ ಅಷ್ಟು ಬೇಡ. ಈ ಬನ್ನನ್ನೇ ಕೊಯ್ದು ಈ ಹೊಳೆಯೋ ಟ್ರೇಲೇ ರಸ್ಕು ಮಾಡಿದ್ರೆ?"

ಅವರು ಒಪ್ಪಲಿಲ್ಲ. ನಲವತ್ತು ವರ್ಷದಿಂದ ಬೆಂಕಿಯ ಮುಂದೆ ನಿಂತವರು, ನಾನು ಬಸ್ಸಿಗೆ ಕಾಯುವ ಟೀಚರು. "ಬಿಳೀ ಟ್ರೇಲಿ ನಾನ್ ಎಂದೂ ರಸ್ಕು ಆಕಿಲ್ಲ. ಒಣಗ್ದೆ ಮೆತ್ಗೆ ಉಳ್ಕಂಡ್ರೆ ಅದೂ ಓಯ್ತು, ಇದೂ ಓಯ್ತು" ಅಂದರು.

ಆಗ ಹುಡುಗಿ ತಡೆದು ತಡೆದು ಹೇಳಿದಳು. "ಮಾವ, ಒಂದ್ ಟ್ರೇ ಉಜ್ಜಿಲ್ಲ. ಮೈದಾ ಮೂಟೆ ಇಂದೆ ಬಿದ್ದಿತ್ತು, ನಂಗೆ ಕಂಡಿರ್ಲಿಲ್ಲ. ಈಗ ಕಾಣ್ತು."

ಎಳೆದು ತಂದಳು. ಇದ್ದಿಲಿನ ಹಾಗೆ ಕಪ್ಪಗಿತ್ತು. ಬೇಕರಿಯವರು ಅದನ್ನು ಕಳೆದುಹೋದ ಎತ್ತು ಸಿಕ್ಕಿದ ಹಾಗೆ ಸವರಿದರು. "ಇದನ್ನೂ ಒಂದು ಹೊಳೆಯೋ ಟ್ರೇನೂ ಪಕ್ಕಪಕ್ಕ ಇಟ್ಟು ನೋಡೋಣ, ನಾಲ್ಕು ನಾಲ್ಕು ಚೂರು ಹಾಕಿ" ಅಂದೆ ನಾನು. ಶಾಲೆಯಲ್ಲಿ ಪ್ರಯೋಗ ಮಾಡಿಸುವ ದನಿ ತಾನಾಗಿ ಬಂದುಬಿಟ್ಟಿತ್ತು.

ಕಪ್ಪು ಟ್ರೇಯಲ್ಲಿ ನಾಲ್ಕು, ಬಿಳಿ ಟ್ರೇಯಲ್ಲಿ ನಾಲ್ಕು. ಉದ್ದನೆಯ ಮರದ ಹಲಗೆಯಿಂದ ಭಟ್ಟಿಯೊಳಕ್ಕೆ ತಳ್ಳಿದರು. ಬೆಂಕಿ ಎಳೆದು ಹಾಕಿ ಆಗಿತ್ತು, ಇಟ್ಟಿಗೆಗಳು ಮಾತ್ರ ಕಾದು ಕೂತಿದ್ದವು. ನಾಲ್ಕೂ ಜನ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತೆವು. ಅತ್ತೆ ಎಲ್ಲರಿಗಿಂತ ಮುಂದೆ. ಸಂಗಮದಲ್ಲಿ ಒದ್ದೆಯಾಗಿದ್ದ ಅವರ ಕೂದಲು ಅಲ್ಲೇ ಒಣಗಿತು.

ಹತ್ತು ನಿಮಿಷ ಆದ ಮೇಲೆ ಬೇಕರಿಯವರು ಎರಡೂ ಟ್ರೇಗಳನ್ನು ಭಟ್ಟಿಯ ಬಾಯಿಗೆ ಎಳೆದುಕೊಂಡು, ಒಂದೊಂದು ಚೂರು ಮಗುಚಿದರು. ಕಪ್ಪು ಟ್ರೇಯದ್ದರ ತಳ ಆಗಲೇ ಗಾಢ ಕಂದು, ಅಂಚಿಗೆ ಕರಿ ಹತ್ತುತ್ತಿತ್ತು. ಬಿಳಿ ಟ್ರೇಯದ್ದು ಈಗಷ್ಟೇ ತೆಳು ಹಳದಿಗೆ ತಿರುಗಿತ್ತು. ಕಪ್ಪಿನದನ್ನು ತೆಗೆದು, ಬಿಳಿಯದನ್ನು ಮತ್ತೆ ಒಳಗಿಟ್ಟರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಹೊತ್ತು ಹಿಡಿದದ್ದೇ ಒಳ್ಳೆಯದಾಯಿತು, ಸೀಯದೆ ನಿಧಾನವಾಗಿ ನೀರಾರಿ, ಚೂರು ಪೂರ್ತಿ ಒಣಗಿತು. ಕೊನೆಗೆ ಹೊರಗೆ ತೆಗೆದು, ಆರಿಸಿ, ಅವರು ಮುರಿದರು. ಟಕ್ ಅಂತ ಸದ್ದು. ಎರಡೂ ಮೈ ಒಂದೇ ಹೊಂಬಣ್ಣ. ತಿರುವಿ ಹಾಕಿಯೇ ಇರಲಿಲ್ಲ.

ಅವರು ಅಗಿದರು. ಸೊಸೆ ಮಾವನ ಬಾಯನ್ನೇ ನೋಡುತ್ತಿದ್ದಳು.

"ಥತ್ತೇರಿ!" ಅಂದರು ಅವರು. "ನಲವತ್ತು ವರ್ಸ ತಿರುವಿ ತಿರುವಿ ಆಕಿದ್ನಲ್ಲ ನಾನು!"

ಆಮೇಲೆ ನಮಗೆ ಬಿಡುವೇ ಇರಲಿಲ್ಲ. ಹುಡುಗಿ ಬನ್ನು ಕೊಯ್ದಳು, ನಾನು ಟ್ರೇಗಳಲ್ಲಿ ಸಾಲಾಗಿ ಜೋಡಿಸಿದೆ. ಅವಳ ಗಂಡ ಕಂಪೌಂಡಿನಾಚೆಯಿಂದ ಸೌದೆ ಹೊತ್ತು ತಂದ. ಬೇಕರಿಯವರು ಹೊಸದಾಗಿ ಒಂದಿಷ್ಟು ಹಿಟ್ಟು ಕಲೆಸಿದರು, ಉಜ್ಜದೆ ಉಳಿದ ಒಂದೇ ಟ್ರೇಯಲ್ಲಿ ಸರದಿಯ ಮೇಲೆ ಬನ್ನು ಬೇಯಿಸಲು. ನಮ್ಮ ಅತ್ತೆ ಹಿತ್ತಲಿನ ಕಟ್ಟೆಯ ಮೇಲೆ ಕೂತು ಆರು ಟ್ರೇಗಳನ್ನು ಪಳಗಿಸಲು ತೆಗೆದುಕೊಂಡರು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ, ತೆಳ್ಳಗೆ, ಬಹಳ ತೆಳ್ಳಗೆ ಸವರಿ, ಬಟ್ಟೆಯಿಂದ ಒರೆಸಿ, ಖಾಲಿ ಟ್ರೇಯನ್ನೇ ಕಾಯಲು ಕೊಡುತ್ತಿದ್ದರು. ಎಣ್ಣೆ ಜಾಸ್ತಿಯಾದರೆ ಅಂಟಂಟಾಗುತ್ತೆ ಅಂತ ಹುಡುಗಿಗೆ ಹೇಳಿಕೊಟ್ಟರು. ಹೊಗೆ ಎದ್ದು ನಿಂತ ಮೇಲೆ ತೆಗೆದು, ಮತ್ತೆ ಸವರಿ, ಮತ್ತೆ ಕಾಯಿಸಿ. ಮೂರನೇ ಸಲಕ್ಕೆ ಬೆಳ್ಳಿ ಬಣ್ಣ ಹೋಗಿ ಜೇನುತುಪ್ಪದ ಬಣ್ಣ ಬಂತು. ಐದನೇ ಸಲಕ್ಕೆ ಕಂದು. "ಇನ್ನು ದಿನಾ ಬನ್ನು ಬೇಯಿಸ್ತಾ ಹೋದ್ರೆ ಕಪ್ಪಾಗತ್ತೆ ಬಿಡು" ಅಂದರು. ಅವರ ಮಡಿ ಸೀರೆಯ ತುಂಬ ಎಣ್ಣೆ ಕಲೆ, ಕೆನ್ನೆಯ ಮೇಲೆ ಮಸಿ.

ಊಟದ ಹೊತ್ತಿಗೆ ಹುಡುಗಿ ಪೂಜೆಯ ಪ್ರಸಾದದ ಪುಳಿಯೋಗರೆ ತಂದು ಬಾಳೆ ಎಲೆಯಲ್ಲಿ ಬಡಿಸಿದಳು. ಅತ್ತೆ ಬೇರೆಯವರ ಮನೆಯಲ್ಲಿ ಊಟ ಮಾಡುವವರಲ್ಲ. ಏನು ಮಾಡುತ್ತಾರೋ ಅಂತ ನಾನು ಓರೆಗಣ್ಣಿನಲ್ಲಿ ನೋಡಿದೆ. ಒಂದು ಗಳಿಗೆ ಎಲೆ ನೋಡಿದರು, ಹುಡುಗಿಯ ಸುಲಿದ ಬೆರಳು ನೋಡಿದರು, ಕೈ ತೊಳೆದುಕೊಂಡು ಕೂತರು. ಎರಡನೇ ಸಲ ಹಾಕಿಸಿಕೊಂಡರು.

ಸಂಜೆ ಐದರ ಹೊತ್ತಿಗೆ ನೂರೈವತ್ತರಲ್ಲಿ ಅರವತ್ತು ಬನ್ನು ಆಗಿದ್ದವು. ಉಳಿದವರಿಗೆ ಎರಡೆರಡು ರಸ್ಕಿನ ಪೊಟ್ಟಣ ಕಟ್ಟಿದ್ದೆವು. ಬನ್ನು ಹೇಳಿದ್ದವರು ಬಂದಾಗ ಬೇಕರಿಯವರು ಮುಚ್ಚುಮರೆ ಮಾಡದೆ ನಡೆದದ್ದನ್ನೆಲ್ಲ ಹೇಳಿದರು. ಅವರು ಒಂದು ರಸ್ಕು ಕಡಿದು ನೋಡಿ, "ಕಾಯಿಲೆಯವರಿಗೆ ಬನ್ನಿಗಿಂತ ಇದೇ ವಾಸಿ ಕಣಯ್ಯ, ಹಾಲಲ್ಲಿ ಅದ್ದಿ ತಿಂತಾರೆ" ಅಂದರು. ನಾನೂ ಅತ್ತೆಯೂ ಹುಡುಗಿಯೂ ಅವರ ಹಿಂದೆಯೇ ಆಸ್ಪತ್ರೆಗೆ ಹೋದೆವು. ಹಲ್ಲಿಲ್ಲದ ಒಬ್ಬ ಅಜ್ಜಿ ಬಿಸಿ ಹಾಲಿನಲ್ಲಿ ರಸ್ಕು ಅದ್ದಿ ಚಪ್ಪರಿಸಿ, ನಿನ್ನ ಪಾಲಿನ ರಸ್ಕನ್ನೂ ನಂಗೇ ಕೊಡ್ತೀಯಾ ಅಂತ ಪಕ್ಕದ ಮಂಚದವಳನ್ನು ಕೇಳುತ್ತಿದ್ದಳು. "ನಂಗೆ ಬನ್ನು ಬಂದೈತೆ, ರಸ್ಕು ಎಲ್ಲೈತೆ ನನ್ತಾವ?" ಅಂತ ಆಕೆ ನಕ್ಕಳು. ಹುಡುಗಿ ಓಡಿಹೋಗಿ ಅಜ್ಜಿಗೆ ಇನ್ನೊಂದು ಪೊಟ್ಟಣ ಕೊಟ್ಟಳು. ಬೆಳಿಗ್ಗೆಯಿಂದ ಅವಳು ಪೂರ್ತಿಯಾಗಿ ನಕ್ಕಿದ್ದು ಆಗಲೇ.

ಬೇಕರಿಗೆ ಮರಳಿ ಬಂದು ನಾವು ಹೊರಡುವಾಗ ಬೇಕರಿಯವರು ಸೊಸೆಯನ್ನು ಕರೆದು, ಪಳಗಿಸದೆ ಉಳಿದಿದ್ದ ಎಂಟು ಹೊಳೆಯುವ ಟ್ರೇಗಳನ್ನು ತೋರಿಸಿದರು.

"ಇವು ಇಂಗೇ ಇರ್ಲಿ. ಇನ್ಮ್ಯಾಕೆ ರಸ್ಕು, ಬೆಣ್ಣೆ ಬಿಸ್ಕತ್ತು ನಿಂದು. ಬನ್ನು, ಬ್ರೆಡ್ಡು ನಂದು. ನನ್ ಟ್ರೇ ನೀನ್ ಮುಟ್ಬ್ಯಾಡ, ನಿನ್ ಟ್ರೇ ನಾನ್ ಮುಟ್ಟಕಿಲ್ಲ."

"ತೊಳೀಬೋದಾ ಇವನ್ನ?" ಹುಡುಗಿ ಕೇಳಿದಳು.

"ನಿನ್ನವ್ನಾ? ಮುಖ ನೋಡ್ಕಳಂಗೆ ಉಜ್ಕೋ ತಾಯಿ. ಒದ್ದೆ ಮಾತ್ರ ಬಿಡ್ಬ್ಯಾಡ, ತುಕ್ಕು ಇಡೀತದೆ."

ಕಬ್ಬಿಣದ ಟ್ರೇ ಎಷ್ಟು ಒರೆಸಿದರೂ ತುಕ್ಕು ಬಿಡುವುದಿಲ್ಲ ಅಂತ ಮುಂದಿನ ವರ್ಷ ಅವಳೇ ಹಟ ಹಿಡಿದು ಅಲ್ಯೂಮಿನಿಯಂ ಟ್ರೇಗಳನ್ನು ತರಿಸಿಕೊಂಡಳು. ಆ ಹೊತ್ತಿಗೆ ಅವಳ ಬೆಣ್ಣೆ ಬಿಸ್ಕತ್ತಿಗೆ ಊರಿನಲ್ಲಿ ಹೆಸರು ಬಂದಿತ್ತು. ತಳ ಸೀಯದೆ ಬಾಯಲ್ಲಿ ಕರಗುವ ಬಿಸ್ಕತ್ತು. ತಾಲ್ಲೂಕು ಕಚೇರಿಯ ಮೀಟಿಂಗಿಗೆ, ಶಾಲೆಯ ಕಾರ್ಯಕ್ರಮಕ್ಕೆ ಅಲ್ಲಿಂದಲೇ ಹೋಗುತ್ತಿತ್ತು. ಎರಡು ಸಾವಿರದ ಇಸವಿಯ ನಂತರ ಭಟ್ಟಿಯ ಪಕ್ಕದಲ್ಲಿ ಕರೆಂಟಿನ ದೊಡ್ಡ ಓವನ್ ಬಂದಾಗ, ಯಾವ ಟ್ರೇಗೆ ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದವಳು ಅವಳೇ. ಅವಳ ಮಾವ ಅದನ್ನು ಓದಿ, ಒಂದು ಕಡೆ ಐದು ನಿಮಿಷ ತಪ್ಪಿದೆ ಅಂತ ವಾದ ಮಾಡಿ, ಬೇಯಿಸಿ ನೋಡಿ, ಸೋತು, ಅದನ್ನು ಬಸ್ಸಿಗೆ ಕಾಯುವ ನನಗೆ ಹೆಮ್ಮೆಯಿಂದ ಹೇಳಿದರು.

ನಮ್ಮ ಅತ್ತೆಯೂ ಅವಳೂ ಒಳ್ಳೆಯ ಸ್ನೇಹಿತರಾದರು. ಕೇಳಿದ್ದೂ ಹೇಳಿದ್ದೂ ಎಲ್ಲ ನನ್ನ ಮೂಲಕವೇ. "ಅಮ್ಮೋರ್ನ ಕೇಳಿ ಮೇಡಂ, ಗಾಜಿನ್ ಬಟ್ಲಾಗೆ ಬ್ರೆಡ್ ಪುಡಿಂಗ್ ಮಾಡಿದ್ರೆ ಎಷ್ಟೊತ್ತು ಬಿಡ್ಬೇಕು ಅಂತ" ಅಂತ ಸಂಜೆ ಅವಳು ಹೇಳಿದರೆ, ರಾತ್ರಿ ಊಟಕ್ಕೆ ಕೂತಾಗ ಅತ್ತೆ ಯೋಚನೆ ಮಾಡಿ, "ಬಿಸಿ ಕಮ್ಮಿ ಮಾಡಿ, ನಡುವೆ ಇನ್ನೂ ಸ್ವಲ್ಪ ಅಲ್ಲಾಡ್ತಿರೋವಾಗಲೇ ತೆಗೀಬೇಕು ಅಂತ ಹೇಳು, ಉಳಿದಿದ್ದನ್ನ ಬಟ್ಟಲೇ ಬೇಯಿಸ್ಕೊಳ್ಳತ್ತೆ" ಅನ್ನುತ್ತಿದ್ದರು. ಮರುದಿನ ನಾನು ಆ ಮಾತನ್ನು ಮೂವತ್ತು ಕಿಲೋಮೀಟರು ಹೊತ್ತು ತಲುಪಿಸುತ್ತಿದ್ದೆ. ನನ್ನ ಊಟದ ಡಬ್ಬಿಯಲ್ಲಿ ಹೋಗುವಾಗ ಅತ್ತೆಯ ಅನ್ನ, ಬರುವಾಗ ಅವಳ ಬಿಸ್ಕತ್ತು.

ಒಂದು ಸಲ ಅತ್ತೆಗೆ ಜ್ವರ ಬಂದು ವಾರ ಮಲಗಿದರು. ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ವಿಷಯ ತಿಳಿದ ಹುಡುಗಿ ಭಾನುವಾರ ಬೆಳಿಗ್ಗೆಯ ಮೊದಲ ಬಸ್ಸಿಗೇ ನಂಜನಗೂಡಿಗೆ ಬಂದಳು. ಕಂಕುಳಲ್ಲಿ ಒಂದು ವರ್ಷದ ಮಗಳು, ಕೈಯಲ್ಲಿ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಅವಳೇ ಮಾಡಿದ, ಮೊಟ್ಟೆ ಇಲ್ಲದ ಕೇಕು. ಬದಿ ತೆಳು ಗೋಧಿ ಬಣ್ಣ, ತಳ ಮೆತ್ತಗೆ. ಅತ್ತೆ ಮಲಗಿದ್ದಲ್ಲಿಂದಲೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬಿಳಿ ಡಬ್ಬಿ, ನೂರ ಎಂಬತ್ತು" ಅಂದರು.

"ನೂರ ಎಪ್ಪತ್ತು ಅಮ್ಮೋರೆ. ನಮ್ ಓವನ್ ಒಸಿ ಜೋರು."

ಅತ್ತೆ ಎದ್ದು ದಿಂಬಿಗೆ ಒರಗಿ ಕೂತರು. ಮಗುವನ್ನು ಮಡಿಲಿಗೆ ಹಾಕಿಸಿಕೊಂಡು, ಅದಕ್ಕೊಂದು ಚೂರು ತಮಗೊಂದು ಚೂರು ಅಂತ ತಿನ್ನತೊಡಗಿದರು. ನಾನು ಕಾಫಿಗೆ ಹಾಲಿಡಲು ಒಳಗೆ ಹೋದೆ. ನಡುಮನೆಯಿಂದ ಅವರಿಬ್ಬರ ಮಾತು, ಮಗುವಿನ ಕೇಕೆ, ನಡುನಡುವೆ ಮಾವ "ನಂಗೆ ಒಂದು ಚೂರು ಇಟ್ಟಿರಿ" ಅನ್ನುವುದು ಎಲ್ಲ ಕೇಳಿಸುತ್ತಿತ್ತು.